ಥರ್ಮಾಮೀಟರಿಗೂ ಒಂದು ಪರೀಕ್ಷೆ

ಮಕ್ಕಳೇ, ನೀರು ಎಷ್ಟು ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಯಾರಾದರೂ ಕೇಳಿದರೆ ನೀವು ಥಟ್ಟನೆ ‘ನೂರು’ ಎನ್ನುತ್ತೀರಿ, ಅಲ್ಲವೇ? ನಾನೂ ಹಾಗೇ ಹೇಳುತ್ತಿದ್ದೆ. ಎಂ.ಎಸ್ಸಿ. ಓದಿ, ವಿಜ್ಞಾನದ ಮೇಷ್ಟ್ರಾಗಿ, ಹತ್ತಾರು ಶಾಲೆಗಳಲ್ಲಿ ಪಾಠ ಮಾಡಿದ ಮೇಲೂ ಹಾಗೇ ಹೇಳುತ್ತಿದ್ದೆ. ಆ ಉತ್ತರವನ್ನೇ ಗಟ್ಟಿಯಾಗಿ ಹಿಡಿದುಕೊಂಡು ಒಮ್ಮೆ ಏಳನೇ ತರಗತಿಯ ಒಬ್ಬ ಹುಡುಗಿಗೆ ಅನ್ಯಾಯವನ್ನೂ ಮಾಡಿದೆ. ಆ ಕತೆಯನ್ನು ಇವತ್ತು ನಿಮಗೆ ಹೇಳುತ್ತೇನೆ.

ನನ್ನ ಕೆಲಸವೇ ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳಿಂದ ಪ್ರಯೋಗ ಮಾಡಿಸುವುದು. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ಹಳ್ಳಿಯ ಶಾಲೆಗೆ ಹೋಗುವಾಗ ಚೀಲದಲ್ಲಿ ಮೂರು ಅಡುಗೆಮನೆ ಥರ್ಮಾಮೀಟರುಗಳನ್ನು ಹಾಕಿಕೊಂಡಿದ್ದೆ. ನೀವು ನೋಡಿರಬಹುದು, ಪೆನ್ನಿನಷ್ಟು ಉದ್ದದ ಸ್ಟೀಲ್ ಕಡ್ಡಿ, ಅದರ ತಲೆಯಲ್ಲಿ ಅಂಕಿ ತೋರಿಸುವ ಒಂದು ಪುಟ್ಟ ಪರದೆ. ಕಡ್ಡಿಯನ್ನು ಹಾಲಿಗೋ ಸಾರಿಗೋ ಅದ್ದಿದರೆ ಅದರ ತಾಪ ಎಷ್ಟೆಂದು ಪರದೆಯ ಮೇಲೆ ಬರುತ್ತದೆ. ಮೂರರಲ್ಲಿ ಎರಡನ್ನು ಒಂದೇ ಅಂಗಡಿಯಲ್ಲಿ ಕೊಂಡಿದ್ದೆ. ಅವೆರಡೂ ಒಂದೇ ಬಗೆಯವು. ಮೂರನೆಯದು ಬೇರೆ ಬಗೆಯದು.

ಮಕ್ಕಳನ್ನು ಮೂರು ಗುಂಪು ಮಾಡಿದೆ. ಬಿಸಿಯೂಟದ ಅಡುಗೆಮನೆಯಲ್ಲಿ ಅಡುಗೆಯ ಅಕ್ಕ ನೀರು ಕುದಿಸಿಕೊಟ್ಟರು. ಒಂದೊಂದು ಗುಂಪಿಗೂ ಒಂದೊಂದು ಥರ್ಮಾಮೀಟರು. ಮೊದಲ ಗುಂಪು ನೂರು ಎಂದು ಬರೆಯಿತು. ಎರಡನೆಯ ಗುಂಪೂ ನೂರು ಎಂದೇ ಬರೆಯಿತು. ಮೂರನೆಯ ಗುಂಪು ಮಾತ್ರ 97 ಎಂದು ಬರೆಯಿತು.

ನಾನು ಮೊದಲೆರಡು ಗುಂಪಿಗೆ ಐದಕ್ಕೆ ಐದು ಅಂಕ ಕೊಟ್ಟೆ. ಮೂರನೆಯ ಗುಂಪಿಗೆ ಎರಡೇ ಅಂಕ. ಆ ಗುಂಪಿನ ಹುಡುಗಿ ಎದ್ದು ನಿಂತಳು.

“ಸಾರ್, ನಾವು ಮೂರು ಸಲ ನೋಡಿದ್ವಿ. ಮೂರು ಸಲವೂ 97 ಇತ್ತು.”

“ಥರ್ಮಾಮೀಟರು ಸರಿ ಇಲ್ಲವೇನೋ ಕಣಮ್ಮ. ಪುಸ್ತಕದಲ್ಲಿ ಎಷ್ಟಿದೆ ನೋಡು” ಎಂದೆ.

ಅವಳು ಒಂದು ಕ್ಷಣ ಸುಮ್ಮನಿದ್ದು ಕೇಳಿದಳು: “ಇದು ಸರಿ ಇಲ್ಲ, ಅವೆರಡು ಸರಿ ಇವೆ ಅಂತ ಹೇಗೆ ಗೊತ್ತಾಗುತ್ತೆ ಸಾರ್?”

ನನ್ನ ಬಳಿ ಉತ್ತರ ಇರಲಿಲ್ಲ. ಊಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಹಿಡಿದು ಓಡಿದರು. ನಾನು ಬಸ್ಸು ಹತ್ತಿ ಮನೆಗೆ ಬಂದೆ. ಪ್ರಶ್ನೆಯೂ ನನ್ನ ಜೊತೆಗೇ ಬಂತು.

ಯೋಚಿಸಿ ನೋಡಿ. ಗಡಿಯಾರ ಸರಿ ಇದೆಯೇ ಎಂದು ತಿಳಿಯಲು ಸರಿಯಾದ ಇನ್ನೊಂದು ಗಡಿಯಾರ ಬೇಕು. ತಕ್ಕಡಿ ಸರಿ ಇದೆಯೇ ಎಂದು ತಿಳಿಯಲು ಮುದ್ರೆ ಒತ್ತಿದ ತೂಕದ ಬಟ್ಟು ಬೇಕು. ಥರ್ಮಾಮೀಟರನ್ನು ಯಾವುದರ ಜೊತೆ ಹೋಲಿಸುವುದು? ಎರಡು ಥರ್ಮಾಮೀಟರುಗಳು ಒಂದೇ ಅಂಕಿ ತೋರಿಸಿದವು, ಆದ್ದರಿಂದ ಅವು ಸರಿ ಎಂದು ಹೇಳುವಂತಿಲ್ಲ. ಒಂದೇ ಕಡೆ ತಯಾರಾದವು ಒಂದೇ ತಪ್ಪನ್ನೂ ಮಾಡಬಹುದು. ಹಾಗಾದರೆ ತಾಪ ಎಷ್ಟೆಂದು ನಮಗೆ ಮೊದಲೇ ಗೊತ್ತಿರುವ ಒಂದು ವಸ್ತು ಬೇಕು. ಅಂಥ ವಸ್ತು ಯಾವುದು? ಕರಗುತ್ತಿರುವ ಮಂಜುಗಡ್ಡೆ!

ಮಂಜುಗಡ್ಡೆ ಮತ್ತು ನೀರು ಚೆನ್ನಾಗಿ ಬೆರೆತು ಒಟ್ಟಿಗೆ ಇರುವವರೆಗೂ ಆ ಮಿಶ್ರಣದ ತಾಪ 0 ಡಿಗ್ರಿ ಸೆಲ್ಸಿಯಸ್‌ನಲ್ಲೇ ನಿಲ್ಲುತ್ತದೆ. ಹೊರಗಿನ ಗಾಳಿಯಿಂದ ಶಾಖ ಒಳಗೆ ಹೋಗುತ್ತಲೇ ಇರುತ್ತದೆ, ನಿಜ. ಆದರೆ ಆ ಶಾಖವೆಲ್ಲ ಮಂಜುಗಡ್ಡೆಯನ್ನು ಕರಗಿಸುವುದಕ್ಕೇ ಖರ್ಚಾಗುತ್ತದೆ. ತಾಪವನ್ನು ಏರಿಸಲು ಏನೂ ಉಳಿಯುವುದಿಲ್ಲ. ಮಂಜುಗಡ್ಡೆ ಪೂರ್ತಿ ಕರಗಿದ ಮೇಲೆಯೇ ನೀರು ಬೆಚ್ಚಗಾಗಲು ಆರಂಭಿಸುವುದು.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಆ ರಾತ್ರಿ ನಾನು ಮಾಡಿದ ಮೊದಲ ಪ್ರಯತ್ನ ಕೆಟ್ಟುಹೋಯಿತು. ಒಂದು ಲೋಟದ ತುಂಬ ನೀರು ತೆಗೆದುಕೊಂಡು ಅದಕ್ಕೆ ನಾಲ್ಕು ಮಂಜಿನ ತುಂಡು ಹಾಕಿದೆ. ಮೂರೂ ಕಡ್ಡಿಗಳನ್ನು ತಳದವರೆಗೆ ಇಳಿಬಿಟ್ಟೆ. ಒಂದು 5 ಎಂದಿತು, ಇನ್ನೊಂದು 9 ಎಂದಿತು, ಮತ್ತೊಂದರ ಅಂಕಿ ನಿಲ್ಲಲೇ ಇಲ್ಲ. ಏನು ತಪ್ಪಾಯಿತು ಹೇಳಿ?

ಮಂಜುಗಡ್ಡೆ ತೇಲುತ್ತದೆ. ಅದು ಮೇಲಿತ್ತು, ನನ್ನ ಕಡ್ಡಿಯ ತುದಿ ಕೆಳಗಿತ್ತು. ನೀರಿಗೆ ಒಂದು ವಿಚಿತ್ರ ಗುಣ ಇದೆ. 4 ಡಿಗ್ರಿಯಲ್ಲಿ ಅದರ ಸಾಂದ್ರತೆ ಎಲ್ಲಕ್ಕಿಂತ ಹೆಚ್ಚು. ಆದ್ದರಿಂದ ತಣ್ಣಗಾದ ನೀರಿನಲ್ಲಿ 4 ಡಿಗ್ರಿಯ ಆಸುಪಾಸಿನ ನೀರು ಕೆಳಗೆ ಇಳಿಯುತ್ತದೆ, 0 ಡಿಗ್ರಿಯ ನೀರು ಮೇಲೆ ಮಂಜಿನ ಸುತ್ತಲೇ ಉಳಿಯುತ್ತದೆ. ಲೋಟದ ತಳದಲ್ಲಿ ನೀರು ಇದ್ದರೆ ಸಾಲದು, ಮಂಜೂ ಇರಬೇಕು.

ಎರಡನೆಯ ಸಲ ಹೀಗೆ ಮಾಡಿದೆ. ಮಂಜಿನ ತುಂಡುಗಳನ್ನು ಶುದ್ಧವಾದ ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಕುಟ್ಟಿ ಕಡಲೆಕಾಳಿನಷ್ಟು ಚೂರು ಮಾಡಿದೆ. ದೊಡ್ಡ ಸ್ಟೀಲ್ ಲೋಟವನ್ನು ಆ ಚೂರುಗಳಿಂದ ಕಂಠದವರೆಗೆ ತುಂಬಿದೆ. ಆಮೇಲೆ ತಣ್ಣನೆಯ ಕುಡಿಯುವ ನೀರನ್ನು, ಚೂರುಗಳ ನಡುವಿನ ಜಾಗ ತುಂಬುವಷ್ಟು ಮಾತ್ರ, ಸುರಿದೆ. ಚೂರುಗಳು ತಳ ಬಿಟ್ಟು ತೇಲತೊಡಗಿದರೆ ನೀರು ಹೆಚ್ಚಾಯಿತು ಎಂದು ಅರ್ಥ. ಆಗ ಸ್ವಲ್ಪ ನೀರು ಬಸಿದು ಇನ್ನಷ್ಟು ಮಂಜು ಸೇರಿಸಬೇಕು.

ನೀರನ್ನು ಹಾಕದೆ ಬರೀ ಮಂಜಿನಲ್ಲಿ ಕಡ್ಡಿ ಸಿಕ್ಕಿಸಿದರೆ ಆಗದೇ ಎಂದು ನೀವು ಕೇಳಬಹುದು. ಆಗುವುದಿಲ್ಲ. ಫ್ರಿಜ್ಜಿನಿಂದ ಆಗತಾನೆ ತೆಗೆದ ಮಂಜುಗಡ್ಡೆ ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗಿರುತ್ತದೆ. ಅದು ಒದ್ದೆಯಾಗಿ ಕರಗಲು ಆರಂಭಿಸಿದಾಗ ಮಾತ್ರ 0 ಡಿಗ್ರಿಗೆ ಬರುತ್ತದೆ. ಇನ್ನೊಂದು ಎಚ್ಚರಿಕೆ: ಇದಕ್ಕೆ ಉಪ್ಪು ಬೀಳಬಾರದು. ಉಪ್ಪು ಸೇರಿದರೆ ಮಿಶ್ರಣದ ತಾಪ ಸೊನ್ನೆಗಿಂತ ಕೆಳಗೆ ಇಳಿದುಬಿಡುತ್ತದೆ. ಕುಲ್ಫಿ ಮಾಡುವವರು ಮಂಜಿಗೆ ಉಪ್ಪು ಬೆರೆಸುವುದು ಇದೇ ಕಾರಣಕ್ಕೆ.

ಲೋಟದ ಮಿಶ್ರಣವನ್ನು ಚಮಚದಿಂದ ಕಲಕಿ ಎರಡು ನಿಮಿಷ ಬಿಟ್ಟೆ. ಕಡ್ಡಿಯ ತುದಿಯನ್ನು ಲೋಟದ ಮಧ್ಯಕ್ಕೆ ಬರುವಂತೆ ಹಿಡಿದೆ. ತಳಕ್ಕೂ ತಾಗಬಾರದು, ಪಕ್ಕಕ್ಕೂ ತಾಗಬಾರದು. ತಾಪವನ್ನು ಗ್ರಹಿಸುವ ಭಾಗ ಇರುವುದು ಕಡ್ಡಿಯ ತುದಿಯ ಹತ್ತಿರ. ಆದರೂ ನಾಲ್ಕೈದು ಸೆಂಟಿಮೀಟರಿನಷ್ಟು ಕಡ್ಡಿ ಒಳಗಿರಬೇಕು. ಇಲ್ಲದಿದ್ದರೆ ಹೊರಗಿನ ಶಾಖ ಕಡ್ಡಿಯ ಮೂಲಕ ಇಳಿದು ತುದಿಯನ್ನು ಬೆಚ್ಚಗೆ ಮಾಡುತ್ತದೆ. ಮೆಲ್ಲಗೆ ಕಲಕುತ್ತಾ ಅಂಕಿ ಅಲುಗದೆ ನಿಲ್ಲುವವರೆಗೆ ಕಾದೆ.

ಮೂರನೆಯ ಗುಂಪಿನ ಥರ್ಮಾಮೀಟರು 0 ಎಂದು ತೋರಿಸಿತು. ಮೊದಲೆರಡು ಗುಂಪಿನವು? ಎರಡೂ 3 ಎಂದು ತೋರಿಸಿದವು! ಲೋಟದ ತುಂಬ ಮಂಜಿದ್ದಾಗಲೂ ಅವಕ್ಕೆ ಅದು 3 ಡಿಗ್ರಿ. ಇನ್ನೊಮ್ಮೆ ಕಲಕಿ ನೋಡಿದೆ, ಮತ್ತೆ ಅದೇ. ಅಂದರೆ ನಾನು ಪೂರ್ತಿ ಅಂಕ ಕೊಟ್ಟ ಥರ್ಮಾಮೀಟರುಗಳೇ 3 ಡಿಗ್ರಿ ಹೆಚ್ಚು ಹೇಳುತ್ತಿದ್ದವು.

ಅಷ್ಟಕ್ಕೆ ಮುಗಿಯಲಿಲ್ಲ. ಆ ಹುಡುಗಿಯ ಥರ್ಮಾಮೀಟರು ಮಂಜಿನಲ್ಲಿ ಸರಿಯಾಗಿದ್ದರೆ ಕುದಿಯುವ ನೀರಿನಲ್ಲಿ 97 ಎಂದದ್ದೇಕೆ? ಒಲೆ ಹಚ್ಚಿ ನೀರಿಟ್ಟೆ.

ಇಲ್ಲಿ ಒಂದು ಮಾತು. ಈ ಭಾಗವನ್ನು ನೀವು ಒಬ್ಬರೇ ಮಾಡಬೇಡಿ. ಅಮ್ಮನೋ ಅಪ್ಪನೋ ಮೇಷ್ಟ್ರೋ ಪಕ್ಕದಲ್ಲಿರಲಿ. ಥರ್ಮಾಮೀಟರನ್ನು ಅವರೇ ಹಿಡಿಯಲಿ, ನೀವು ಓದಿ ಬರೆದುಕೊಳ್ಳಿ. ಕುದಿಯುವ ನೀರಿಗಿಂತ ಅದರ ಹಬೆಯೇ ಕೈಯನ್ನು ಬೇಗ ಸುಡುತ್ತದೆ. ಜ್ವರ ನೋಡುವ ಥರ್ಮಾಮೀಟರನ್ನು ಬಿಸಿನೀರಿಗೆ ಹಾಕಲೇಬಾರದು. ಅದು 42 ಡಿಗ್ರಿಯ ಆಸುಪಾಸಿನವರೆಗೆ ಮಾತ್ರ ಅಳೆಯುವಂಥದ್ದು. ಹಳೆಯ ಗಾಜಿನದಾದರೆ ಒಡೆದುಹೋಗುತ್ತದೆ, ಒಳಗಿನ ಪಾದರಸ ವಿಷ.

ನೀರು ಬಿಸಿಯಾಗುತ್ತಿದ್ದಂತೆ ಮೊದಲು ಪಾತ್ರೆಯ ಗೋಡೆಗೆ ಸಣ್ಣ ಸಣ್ಣ ಗುಳ್ಳೆಗಳು ಅಂಟಿಕೊಂಡವು. ಅದು ಕುದಿತವಲ್ಲ, ನೀರಿನಲ್ಲಿ ಕರಗಿದ್ದ ಗಾಳಿ ಹೊರಬರುತ್ತಿದೆ ಅಷ್ಟೆ. ಆಮೇಲೆ ತಳದಿಂದ ಗುಳ್ಳೆಗಳು ಎದ್ದು ‘ಸುಂಯ್’ ಎಂದು ಸದ್ದಾಯಿತು, ಆದರೆ ಗುಳ್ಳೆಗಳು ಮೇಲೆ ಬರುವ ಮೊದಲೇ ಮಾಯವಾದವು. ಅದೂ ಕುದಿತವಲ್ಲ. ದೊಡ್ಡ ಗುಳ್ಳೆಗಳು ತಳದಿಂದ ಎದ್ದು ಮೇಲೆ ಬಂದು ಒಡೆಯುತ್ತಾ, ನೀರಿನ ಮೈಯೆಲ್ಲ ಉರುಳಾಡುವಂತೆ ಕಂಡಾಗ ಮಾತ್ರ ಅದು ‘ಕೊತಕೊತ’ ಕುದಿತ. ಆಗ ಕಡ್ಡಿಯನ್ನು ಪಾತ್ರೆಯ ನಡುವೆ ಇಳಿಸಿದೆ. ತುದಿ ತಳಕ್ಕೆ ತಾಗದಂತೆ ನೋಡಿಕೊಂಡೆ. ಉರಿಗೆ ನೇರ ತಾಗುವ ತಳ ನೀರಿಗಿಂತ ಹೆಚ್ಚು ಬಿಸಿಯಾಗಿರುತ್ತದೆ.

ಸೊನ್ನೆ ತೋರಿಸಿದ ಥರ್ಮಾಮೀಟರು 97ಕ್ಕೆ ಬಂದು ನಿಂತಿತು. ಉರಿ ದೊಡ್ಡದು ಮಾಡಿದೆ. ನೀರು ಇನ್ನೂ ಜೋರಾಗಿ ಉರುಳಾಡಿತು, ಹಬೆ ಹೆಚ್ಚಾಯಿತು, ಆದರೆ ಅಂಕಿ ಮಾತ್ರ ಏರಲಿಲ್ಲ. ಕುದಿಯುವ ನೀರಿಗೆ ಕೊಟ್ಟ ಹೆಚ್ಚಿನ ಶಾಖವೆಲ್ಲ ನೀರನ್ನು ಹಬೆ ಮಾಡಲು ಖರ್ಚಾಗುತ್ತದೆ, ಮಂಜು ಕರಗುವಾಗ ಆದ ಹಾಗೆಯೇ. ಹೀಗೆ ಅಂಕಿ ನಿಂತದ್ದೇ ನಿಜವಾದ ಕುದಿತದ ಗುರುತು. ಉಳಿದೆರಡನ್ನೂ ಅದ್ದಿದೆ. ಅವು 100 ಎಂದವು. 97ಕ್ಕೆ ಮೂರು ಸೇರಿಸಿ ನೋಡಿ!

ಆಗ ನನಗೆ ಪುಸ್ತಕದ ವಾಕ್ಯ ಪೂರ್ತಿಯಾಗಿ ನೆನಪಾಯಿತು. ನೀರು ನೂರು ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಪುಸ್ತಕ ಸುಮ್ಮನೆ ಹೇಳುವುದಿಲ್ಲ. ‘ಸಮುದ್ರಮಟ್ಟದ ವಾತಾವರಣದ ಒತ್ತಡದಲ್ಲಿ’ ಎಂದು ಹೇಳುತ್ತದೆ. ಆ ಅರ್ಧ ವಾಕ್ಯವನ್ನು ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ, ಆಮೇಲೆ ಮರೆತಿದ್ದೆ.

ನೀರು ಕುದಿಯಬೇಕಾದರೆ ಅದರೊಳಗೆ ಹಬೆಯ ಗುಳ್ಳೆಗಳು ಹುಟ್ಟಬೇಕು. ಮೇಲಿನ ಗಾಳಿ ನೀರನ್ನು ಒತ್ತುತ್ತಲೇ ಇರುತ್ತದೆ. ಆ ಒತ್ತಡವನ್ನು ಎದುರಿಸುವಷ್ಟು ಬಲ ಬಂದಾಗ ಮಾತ್ರ ಗುಳ್ಳೆ ಉಳಿದು ಮೇಲೆ ಬರುತ್ತದೆ. ನಾವು ಎತ್ತರದ ಜಾಗಕ್ಕೆ ಹೋದಂತೆ ತಲೆಯ ಮೇಲಿನ ಗಾಳಿ ಕಡಿಮೆ, ಒತ್ತಡವೂ ಕಡಿಮೆ. ಆದ್ದರಿಂದ ಗುಳ್ಳೆಗಳಿಗೆ ಕೆಲಸ ಸುಲಭ. ನೀರು ಕಡಿಮೆ ತಾಪದಲ್ಲೇ ಕುದಿಯುತ್ತದೆ.

ಎಷ್ಟು ಕಡಿಮೆ? ಸುಮಾರು 300 ಮೀಟರು ಮೇಲೇರಿದರೆ 1 ಡಿಗ್ರಿ ಕಡಿಮೆ ಎಂದು ಲೆಕ್ಕ ಇಟ್ಟುಕೊಳ್ಳಿ. ಅಡುಗೆಮನೆಗೆ ಇಷ್ಟು ಸಾಕು. ನಮ್ಮ ಕಡೆಯ ನೆಲ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. 900ನ್ನು 300ರಿಂದ ಭಾಗಿಸಿದರೆ 3. ನೂರರಲ್ಲಿ ಮೂರು ಕಳೆದರೆ 97. ಆ ಹುಡುಗಿ ಬರೆದದ್ದು ಅಷ್ಟೇ!

ಮಂಗಳೂರಿನ ಕಡಲತೀರದ ಶಾಲೆಯಲ್ಲಿ ಇದೇ ಪ್ರಯೋಗ ಮಾಡಿದರೆ 100 ಬರಬೇಕು. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1930 ಮೀಟರು ಎತ್ತರವಿದೆ. ಅದರ ತುದಿಯಲ್ಲಿ ನೀರು ಕಾಯಿಸಿದರೆ ಎಷ್ಟು ಡಿಗ್ರಿಗೆ ಕುದಿಯಬಹುದು, ನೀವೇ ಲೆಕ್ಕ ಹಾಕಿ. ಮಂಜಿನ ವಿಷಯದಲ್ಲಿ ಈ ತೊಂದರೆ ಇಲ್ಲ. ಮಂಗಳೂರಿನಲ್ಲೂ ಮುಳ್ಳಯ್ಯನಗಿರಿಯಲ್ಲೂ ಕರಗುವ ಮಂಜು ಸೊನ್ನೆಯೇ. ಅದಕ್ಕೇ ಪರೀಕ್ಷೆಯನ್ನು ಯಾವಾಗಲೂ ಮಂಜಿನಿಂದ ಆರಂಭಿಸಿ.

ಈ ವಿಷಯ ಹೊಸದೇನಲ್ಲ. ಸ್ವೀಡನ್ ದೇಶದ ಆಂಡರ್ಸ್ ಸೆಲ್ಸಿಯಸ್ ಎಂಬ ಖಗೋಳ ವಿಜ್ಞಾನಿ 1742ರಲ್ಲಿ ತನ್ನ ಅಳತೆಪಟ್ಟಿಯನ್ನು ರೂಪಿಸಿದಾಗಲೂ ಇದೇ ಎರಡು ಬಿಂದುಗಳನ್ನು ಆರಿಸಿಕೊಂಡ: ಕರಗುವ ಮಂಜು, ಕುದಿಯುವ ನೀರು. ಗಾಳಿಯ ಒತ್ತಡ ಬದಲಾದರೆ ಕುದಿಯುವ ಬಿಂದುವೂ ಬದಲಾಗುತ್ತದೆ ಎಂಬುದನ್ನು ಆಗಲೇ ಅವನು ಗಮನಿಸಿದ್ದ. ತಮಾಷೆಯೆಂದರೆ ಅವನ ಪಟ್ಟಿಯಲ್ಲಿ ಕುದಿಯುವ ನೀರಿಗೆ 0, ಕರಗುವ ಮಂಜಿಗೆ 100 ಎಂದಿತ್ತು. ಅದನ್ನು ತಿರುವುಮುರುವು ಮಾಡಿದ್ದು ಆಮೇಲೆ.

ಸರಿ, 3 ಡಿಗ್ರಿ ಹೆಚ್ಚು ಹೇಳುವ ಥರ್ಮಾಮೀಟರನ್ನು ಎಸೆಯಬೇಕೇ? ಬೇಡ. ಅದು ಮಂಜಿನಲ್ಲೂ 3 ಹೆಚ್ಚು, ಕುದಿಯುವ ನೀರಿನಲ್ಲೂ 3 ಹೆಚ್ಚು ತೋರಿಸಿತು. ಅದರ ತಪ್ಪು ಎರಡೂ ಕಡೆ ಒಂದೇ. ಆದ್ದರಿಂದ ಅದು ಏನೇ ತೋರಿಸಿದರೂ 3 ಕಳೆದರೆ ಸರಿಯಾದ ಉತ್ತರ ಸಿಗುತ್ತದೆ. ನಾನು ಎರಡಕ್ಕೂ ಒಂದೊಂದು ಚೀಟಿ ಅಂಟಿಸಿ ‘3 ಕಳೆಯಿರಿ’ ಎಂದು ಬರೆದೆ.

ಕಳೆಯದಿದ್ದರೆ ಏನಾಗುತ್ತದೆ? ಬೇಯಿಸಿದ ಆಹಾರದ ಒಳಭಾಗ 70 ಡಿಗ್ರಿ ಮುಟ್ಟಬೇಕು, ಬಡಿಸುವವರೆಗೆ 60 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕಿಂತ ತಣ್ಣಗಿದ್ದರೆ ರೋಗಾಣುಗಳು ಬೆಳೆಯಬಹುದು. ಸಾಂಬಾರಿಗೆ ಈ ಕಡ್ಡಿ ಅದ್ದಿದಾಗ 62 ಎಂದು ಬಂತು ಎನ್ನಿ. ಅಡುಗೆಯ ಅಕ್ಕ ‘ಸಾಕಷ್ಟು ಬಿಸಿಯಿದೆ’ ಎಂದುಕೊಳ್ಳುತ್ತಾರೆ. ನಿಜಕ್ಕೂ ಅದು 59. ಮತ್ತೊಮ್ಮೆ ಕುದಿಸಬೇಕಾಗಿತ್ತು. ಅದೇ ಸಾಂಬಾರು ನಿಮ್ಮ ತಟ್ಟೆಗೆ ಬರುವುದು, ಅಲ್ಲವೇ?

ಎಲ್ಲ ಥರ್ಮಾಮೀಟರುಗಳೂ ಇಷ್ಟು ಅಚ್ಚುಕಟ್ಟಾಗಿ ತಪ್ಪು ಮಾಡುವುದಿಲ್ಲ. ಒಂದು ಥರ್ಮಾಮೀಟರು ಮಂಜಿನಲ್ಲಿ 2 ತೋರಿಸಿ, ನಮ್ಮೂರಿನ ಕುದಿಯುವ ನೀರಿನಲ್ಲಿ ಸರಿಯಾಗಿ 97 ತೋರಿಸಬಹುದು. ಆಗ ತಪ್ಪು ಕೆಳಗೆ 2, ಮೇಲೆ 0. ನಡುವೆ, ಅಂದರೆ 50ರ ಹತ್ತಿರ, ತಪ್ಪು ಸುಮಾರು 1 ಎಂದು ಹಿಡಿಯಬಹುದು. ಎರಡು ಕಡೆಯೂ ಏಕೆ ಪರೀಕ್ಷಿಸಬೇಕು ಎಂಬುದು ಈಗ ತಿಳಿಯಿತೇ? ಮಂಜಿನಲ್ಲಿ ಮಾತ್ರ ನೋಡಿದ್ದರೆ ಎಲ್ಲ ಕಡೆಯೂ 2 ಕಳೆದು ಹೊಸ ತಪ್ಪು ಮಾಡುತ್ತಿದ್ದೆವು. ಒಂದೇ ಮಿಶ್ರಣದಲ್ಲಿ ಒಮ್ಮೆ 1, ಒಮ್ಮೆ 5 ಎಂದು ಮನಬಂದಂತೆ ತೋರಿಸುವ ಥರ್ಮಾಮೀಟರು ಇದ್ದರೆ ಮೊದಲು ಅದರ ಬ್ಯಾಟರಿ ಬದಲಿಸಿ ನೋಡಿ. ಆಗಲೂ ಹಾಗೇ ಆದರೆ ಅದನ್ನು ಯಾವ ಲೆಕ್ಕವೂ ಸರಿಪಡಿಸಲಾರದು.

ಇನ್ನು ಓದುವ ರೀತಿ. ಥರ್ಮಾಮೀಟರು ಸರಿಯಾಗಿದ್ದು ಓದುವವರು ತಪ್ಪಿದರೆ ಏನು ಪ್ರಯೋಜನ? ಪರದೆಯಿರುವ ಥರ್ಮಾಮೀಟರಿನಲ್ಲಿ ಮೊದಲು ಅಂಕಿಯ ಪಕ್ಕದ ಅಕ್ಷರ ನೋಡಿ. C ಇದ್ದರೆ ಸೆಲ್ಸಿಯಸ್, F ಇದ್ದರೆ ಫ್ಯಾರನ್‌ಹೀಟ್. ಗುಂಡಿ ಒತ್ತಿಹೋಗಿ F ಬಂದಿದ್ದರೆ ಮಂಜಿನಲ್ಲಿ 32 ಎಂದೂ ನಮ್ಮೂರಿನ ಕುದಿಯುವ ನೀರಿನಲ್ಲಿ 207ರ ಹತ್ತಿರವೂ ಕಾಣುತ್ತದೆ. ಗಾಬರಿಯಾಗಬೇಡಿ. ಅಂಕಿ ಓಡುತ್ತಿರುವಾಗ ಬರೆಯಬೇಡಿ, ನಿಂತ ಮೇಲೆ ಬರೆಯಿರಿ. ಕಡ್ಡಿಯನ್ನು ಹೊರಗೆ ತೆಗೆದು ಓದಬೇಡಿ, ಒಳಗಿರುವಾಗಲೇ ಓದಿ. ಪರದೆಯಲ್ಲಿ 96.8 ಎಂದು ಬಂದ ಮಾತ್ರಕ್ಕೆ ಆ ಕೊನೆಯ 8ನ್ನು ನಂಬಬೇಕಿಲ್ಲ. ಇಂಥ ಅನೇಕ ಥರ್ಮಾಮೀಟರುಗಳು ಒಂದು ಡಿಗ್ರಿ ಆಚೀಚೆ ಹೇಳುವುದು ಸಾಮಾನ್ಯ.

ನಿಮ್ಮ ಶಾಲೆಯಲ್ಲಿರುವುದು ಕೆಂಪು ದ್ರವದ ಗಾಜಿನ ಥರ್ಮಾಮೀಟರಾದರೆ ಅದು 100 ಡಿಗ್ರಿ ದಾಟಿ ಅಳೆಯುವಂಥದ್ದೇ ಎಂದು ಮೊದಲು ನೋಡಿ. ಆಮೇಲೆ ಎರಡು ಅಂಕಿಗಳ ನಡುವೆ ಎಷ್ಟು ಮನೆಗಳಿವೆ ಎಂದು ಎಣಿಸಿ. 10 ಮತ್ತು 20ರ ನಡುವೆ ಐದೇ ಮನೆಗಳಿದ್ದರೆ ಒಂದು ಮನೆಗೆ 2 ಡಿಗ್ರಿ. ಇದನ್ನು ನೋಡದೆ ಒಂದು ಮನೆಗೆ ಒಂದು ಡಿಗ್ರಿ ಎಂದು ಎಣಿಸಿದವರು ಬಹಳ ಮಂದಿ. ಕಣ್ಣು ಕೆಂಪು ಗೆರೆಯ ತುದಿಯ ಮಟ್ಟಕ್ಕೇ ಇರಲಿ. ಮೇಲಿನಿಂದ ಬಗ್ಗಿ ನೋಡಿದರೆ ಒಂದು ಅಂಕಿ, ಕೆಳಗಿನಿಂದ ನೋಡಿದರೆ ಇನ್ನೊಂದು ಅಂಕಿ ಕಾಣುತ್ತದೆ.

ಮುಂದಿನ ವಾರ ನಾನು ಅದೇ ಶಾಲೆಗೆ ಹೋದೆ. ಹೋಗುವ ದಾರಿಯಲ್ಲಿ ಮಂಜುಗಡ್ಡೆ ಕೊಂಡು, ಹೊಟ್ಟು ತುಂಬಿದ ಡಬ್ಬದಲ್ಲಿಟ್ಟು ಒಯ್ದೆ. ಏಳನೇ ತರಗತಿಯ ಎದುರು ಮೂರೂ ಥರ್ಮಾಮೀಟರುಗಳನ್ನು ಮಂಜಿನ ಲೋಟದಲ್ಲಿ ಇಟ್ಟು, ಓದಲು ಆ ಹುಡುಗಿಯನ್ನೇ ಕರೆದೆ. ಅವಳು ಗಟ್ಟಿಯಾಗಿ ಓದಿದಳು: “ಮೂರು, ಮೂರು, ಸೊನ್ನೆ.” ತರಗತಿ ಗುಸುಗುಸು ಎಂದಿತು.

“ಹೋದ ವಾರ ತಪ್ಪು ಮಾಡಿದ್ದು ನೀನಲ್ಲ ಕಣಮ್ಮ, ನಾನು” ಎಂದು ಹೇಳಿ, ಅಂಕದ ಪಟ್ಟಿ ತೆಗೆದು ಎರಡನ್ನು ಹೊಡೆದುಹಾಕಿ ಐದು ಬರೆದೆ.

“ಹಂಗಾದ್ರೆ ನಮಗೆ ಎರಡಾ ಸಾರ್?” ಎಂದು ಮೊದಲ ಗುಂಪಿನ ಹುಡುಗನೊಬ್ಬ ಅಳುಮೋರೆ ಮಾಡಿದ.

“ನೀವು ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದೀರಿ. ನಿಮ್ಮ ಐದು ನಿಮಗೇ ಇರಲಿ. ಆದರೆ ಈಗ ಅದರ ಪಕ್ಕದಲ್ಲಿ ಸರಿಯಾದ ಅಂಕಿಯನ್ನು ಬರೆಯಿರಿ” ಎಂದೆ. ಅವನು 100ರ ಪಕ್ಕದಲ್ಲಿ ‘3 ಕಳೆದರೆ 97’ ಎಂದು ಬರೆದ.

ನಿಮ್ಮ ಊರು ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ? ಹತ್ತಿರದ ರೈಲ್ವೆ ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಕೆಳಗೆ ಅದನ್ನು ಬರೆದಿರುತ್ತಾರೆ. ನಿಲ್ದಾಣ ಇಲ್ಲದಿದ್ದರೆ ನಿಮ್ಮ ಮೇಷ್ಟ್ರನ್ನೋ ಟೀಚರನ್ನೋ ಕೇಳಿ. ಅದನ್ನು 300ರಿಂದ ಭಾಗಿಸಿ, ಬಂದದ್ದನ್ನು ನೂರರಲ್ಲಿ ಕಳೆದು ಒಂದು ಚೀಟಿಯಲ್ಲಿ ಬರೆದು ಮಡಿಸಿಡಿ. ಆಮೇಲೆ ದೊಡ್ಡವರ ಜೊತೆ ಮಂಜಿನ ಲೋಟ, ಕುದಿಯುವ ನೀರು ಎರಡರಲ್ಲೂ ಥರ್ಮಾಮೀಟರು ಇಟ್ಟು ನೋಡಿ, ಚೀಟಿ ಬಿಚ್ಚಿ. ಎರಡು ಅಂಕಿಗಳು ಹೊಂದದಿದ್ದರೆ ಅಳಿಸಿ ತಿದ್ದಬೇಡಿ. ಮೊದಲು ಮಂಜಿನಲ್ಲಿ ಎಷ್ಟು ಬಂದಿತ್ತು ಎಂದು ನೋಡಿ.